ಪದಚರ್ಚೆ: ‘24 ಪೌಂಡರ್’, ‘ಬೋರ್’, ‘ಎಲಿವೇಷನ್’ – ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ.

18ನೇ ಶತಮಾನದ ಕೋಟೆ ಮುತ್ತಿಗೆಗಳ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯವನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘24 ಪೌಂಡ್ ತೂಕದ ತೋಪಿಗೆ 8 ಪೌಂಡ್ ಮದ್ದು ತುಂಬಿ, 2 ಡಿಗ್ರಿ ಎತ್ತರದಲ್ಲಿಟ್ಟು ಹಾರಿಸಿದರು.’ ಏನೋ ತಪ್ಪಿದೆ ಅನ್ನಿಸುತ್ತಿದೆ. ‘ಬೋರ್’ಗೆ ‘ತೋಪಿನ ಬಾಯಿ’ ಅನ್ನಬಹುದಾ?
– ಅನುವಾದಕಿ, ಧಾರವಾಡ

*

ಬಾಯಿ ಅಂದರೆ ಸಾಕು ಮೇಡಂ, ಎಲ್ಲರಿಗೂ ಗೊತ್ತಾಗುತ್ತದೆ. ಬಾಯಿ ದೊಡ್ಡದಿದ್ದಷ್ಟೂ, ಮದ್ದು ಜಾಸ್ತಿ ಹಾಕಿದಷ್ಟೂ ಗುಂಡು ದೂರ ಹೋಗುತ್ತದೆ. ನಮ್ಮೂರಿನ ಮಲಿಕ್-ಎ-ಮೈದಾನ ತೋಪನ್ನೇ ನೋಡಿ, ಬಾಯೊಳಗೆ ಆಳು ಕೂರಬಹುದು. ಇನ್ನು ಕೋನ 45 ಡಿಗ್ರಿ ಇಟ್ಟರೆ ಎಲ್ಲಕ್ಕಿಂತ ದೂರ.
– ವಿಜಯಪುರದಿಂದ

*

ಮೈಸೂರು ದಸರಾದಲ್ಲಿ ಕುಶಾಲತೋಪು ಹಾರಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಬೋರೂ ಇಲ್ಲ, ಎಲಿವೇಷನ್ನೂ ಇಲ್ಲ, ಸುಮ್ನೆ ‘ತೋಪು ಹಾರಿಸೋದು’ ಅಂತಾರೆ. ಒಂದು ಸಲ ಹಾರಿಸಿದ ಮೇಲೆ ಒದ್ದೆ ಬಟ್ಟೆಯ ಕೋಲನ್ನು ಒಳಗೆ ತಳ್ಳಿ ಒರೆಸುತ್ತಾರೆ. ಇಷ್ಟೆಲ್ಲ ಪದ ಯಾಕೆ ಬೇಕು?
– ಮೈಸೂರಿನಿಂದ

*

ಕುಶಾಲತೋಪಿನಲ್ಲಿ ಗುಂಡೇ ಇರುವುದಿಲ್ಲ ಸರ್, ಬರೀ ಸದ್ದು. ಅಲ್ಲಿ ಗುರಿಯ ಮಾತೇ ಬರುವುದಿಲ್ಲ. ಒರೆಸುವುದು ಮಾತ್ರ ಹಳೇ ಯುದ್ಧದ ಅಭ್ಯಾಸವೇ. ಒಳಗೆ ಕಿಡಿ ಉಳಿದಿದ್ದರೆ ಮುಂದಿನ ಮದ್ದು ತುಂಬುವವನ ಕೈಯಲ್ಲೇ ಸಿಡಿಯುತ್ತಿತ್ತು.

ಈಗ ಮೇಡಂ ಪ್ರಶ್ನೆಗೆ. 24 ಪೌಂಡ್ ಅನ್ನುವುದು ಗುಂಡಿನ ತೂಕ, ತೋಪಿನದಲ್ಲ. ತೋಪು ಎರಡು ಟನ್ನಿಗೂ ಜಾಸ್ತಿ ತೂಗುತ್ತಿತ್ತು. 24 ಪೌಂಡಿನ ಕಬ್ಬಿಣದ ಗುಂಡಿನ ಅಗಲ ಸುಮಾರು ಐದೂವರೆ ಇಂಚು. ಕೊಳವೆಯ ಒಳ ಅಗಲ ಅದಕ್ಕಿಂತ ಕಾಲು ಇಂಚು ಜಾಸ್ತಿ. ಆ ಕಾಲು ಇಂಚು ಬೇಕೇಬೇಕಿತ್ತು. ಗುಂಡುಗಳ ಎರಕ ಒಂದೇ ಸಮ ಬರುತ್ತಿರಲಿಲ್ಲ, ತುಕ್ಕು ಹಿಡಿಯುತ್ತಿತ್ತು, ನಾಲ್ಕಾರು ಸಲ ಹಾರಿಸಿದರೆ ಒಳಗೆಲ್ಲ ಮಸಿ ಕಟ್ಟುತ್ತಿತ್ತು. ಬಿಗಿ ಗುಂಡು ಅರ್ಧಕ್ಕೇ ಸಿಕ್ಕಿಕೊಂಡರೆ ತೋಪೇ ಒಡೆಯಬಹುದು.

ಗುರಿ ಕೆಡಿಸುತ್ತಿದ್ದದ್ದೂ ಅದೇ ಸಂದು. ಮದ್ದಿನ ಹೊಗೆ ಸ್ವಲ್ಪ ಅದರಲ್ಲೇ ಸೋರಿಹೋಗುತ್ತದೆ. ಗುಂಡು ಕೊಳವೆಯ ಗೋಡೆಗೆ ಬಡಿಯುತ್ತ ಬಡಿಯುತ್ತ ಬರುತ್ತದೆ. ಕೊನೆಗೆ ಯಾವ ಬದಿಗೆ ಬಡಿಯಿತೋ ಅದರ ಎದುರು ಬದಿಗೆ ವಾಲಿ ಹೊರಬೀಳುತ್ತದೆ. ಜೊತೆಗೆ ಹೇಗೆಂದರೆ ಹಾಗೆ ಸುತ್ತುವುದರಿಂದ ಗಾಳಿಯಲ್ಲೂ ತಿರುಗುತ್ತದೆ. ಗೋಲಂದಾಜ ಎಷ್ಟೇ ಪಳಗಿದವನಾದರೂ ಇದನ್ನು ತಡೆಯುವ ಹಾಗಿರಲಿಲ್ಲ. ಹಾಗಾಗಿ ಬೋರ್‌ಗೆ ‘ಬಾಯಿ’ ಬೇಡ, ಅದು ತುದಿಯನ್ನಷ್ಟೇ ಹೇಳುತ್ತದೆ. ‘ಒಳ ಅಗಲ’ ಅನ್ನಿ.

ವಿಜಯಪುರದವರು ಹೇಳಿದ್ದು ಅರ್ಧ ಸರಿ. ಮದ್ದನ್ನು ಇಮ್ಮಡಿ ಮಾಡಿದರೆ ವೇಗ ಒಂದೂವರೆ ಪಟ್ಟೂ ಆಗುವುದಿಲ್ಲ, ಅದರಲ್ಲೂ ಬಹುಪಾಲನ್ನು ಗಾಳಿ ತಿಂದುಹಾಕುತ್ತದೆ. ಗುಂಡಿನ ತೂಕದ ಮೂರನೇ ಒಂದು ಭಾಗ ಮದ್ದು ಅನ್ನುವುದು ಆ ಕಾಲದ ವಾಡಿಕೆ. ನಿಮ್ಮ 8 ಪೌಂಡ್ ಬಂದದ್ದು ಅಲ್ಲಿಂದ.

45 ಡಿಗ್ರಿ ಲೆಕ್ಕ ಗಾಳಿ ಇಲ್ಲದ ಕಡೆಗೆ ಸರಿ. ಗಾಳಿಯಲ್ಲಿ ಅದಕ್ಕಿಂತ ಕಡಿಮೆ ಕೋನಕ್ಕೇ ಗುಂಡು ಹೆಚ್ಚು ದೂರ ಹೋಗುತ್ತದೆ. 1742ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ತೋರಿಸಿದ್ದೂ ಗಾಳಿಯ ಈ ಆಟವನ್ನೇ. 24 ಪೌಂಡಿನ ಗುಂಡು ಲೆಕ್ಕದ ಪ್ರಕಾರ 16 ಮೈಲಿ ಹೋಗಬೇಕು, ಹೋಗುವುದು 3 ಮೈಲಿಗೂ ಕಡಿಮೆ. 1 ಡಿಗ್ರಿಗೆ 800 ಗಜದ ಆಸುಪಾಸು, 5 ಡಿಗ್ರಿಗೆ 1,800–1,900 ಗಜ. ಕೋನ ಐದು ಪಟ್ಟಾದರೂ ದೂರ ಎರಡು ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ. ಕೋನ ಕೂಡಿಸುತ್ತಿದ್ದದ್ದು ತೋಪಿನ ಹಿಂಭಾಗದ ಕೆಳಗೆ ಮರದ ಬೆಣೆ ಸರಿಸಿ. ಹಾರಿಸಿದಾಗಲೆಲ್ಲ ತೋಪು ಹಿಂದಕ್ಕೆ ಜಾರುತ್ತಿತ್ತು. ಎಳೆದು ತಂದು ಮತ್ತೆ ಮೊದಲಿಂದ ಗುರಿ ಹಿಡಿಯಬೇಕು, ಅದೂ ಹೊಗೆಯ ನಡುವೆ. ಬೆಣೆ ಚೂರು ಆಚೀಚೆ ಆಗಿ ಅರ್ಧ ಡಿಗ್ರಿ ತಪ್ಪಿದರೆ ಗುಂಡು ನೂರಿನ್ನೂರು ಗಜ ಹಿಂದೆ ಮುಂದೆ. ಕೋಟೆ ಒಡೆಯುವ ತೋಪುಗಳನ್ನು ಗೋಡೆಗೆ ಕೆಲವೇ ನೂರು ಗಜ ಹತ್ತಿರ ಎಳೆದು ತರುತ್ತಿದ್ದದ್ದು ಇದಕ್ಕೇ.
– ಬೆಂಗಳೂರಿನಿಂದ

*

ಹಾಗಾದರೆ ನಮ್ಮ ಮಲಿಕ್-ಎ-ಮೈದಾನ ದೂರಕ್ಕೆ ಹಾರಿಸುವುದಲ್ಲ ಅಂತೀರಾ?
– ವಿಜಯಪುರದಿಂದ

*

ಅದರ ಉದ್ದ ಒಳ ಅಗಲದ ಆರು ಪಟ್ಟು ಮಾತ್ರ, 24 ಪೌಂಡರಿನದು ಇಪ್ಪತ್ತರ ಹತ್ತಿರ. ಮೋಟು ಕೊಳವೆಯಲ್ಲಿ ಮದ್ದಿಗೆ ಗುಂಡನ್ನು ತಳ್ಳಲು ಸಿಗುವ ಹೊತ್ತು ಕಡಿಮೆ. ತಾಳಿಕೋಟೆ ಯುದ್ಧದಲ್ಲಿ ಅದಕ್ಕೆ ತಾಮ್ರದ ನಾಣ್ಯ ತುಂಬಿದ್ದರು ಅನ್ನುವ ಕಥೆ ಇದೆಯಲ್ಲ, ನಿಜವಿದ್ದರೆ ಅದು ಹತ್ತಿರದ ದಂಡಿನ ಮೇಲೆ ಎರಚುವ ಕೆಲಸ. ದೂರಕ್ಕೆ ಬೇಕಿದ್ದರೆ ನಿಮ್ಮೂರಿನ ಉಪಲಿ ಬುರುಜಿನ ಮೇಲಿರುವ ಉದ್ದನೆಯ ತೋಪು ನೋಡಿ.
– ಬೆಂಗಳೂರಿನಿಂದ

*

ಉಪಲಿ ಬುರುಜಿನದು ಬರೀ ತೋರಿಕೆಗೆ ಅಂತ ನಮ್ಮಜ್ಜ ಹೇಳುತ್ತಿದ್ದರು. ನಾನಂತೂ ಒಪ್ಪಲ್ಲ.
– ವಿಜಯಪುರದಿಂದ

*

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ತಿದ್ದಿದೆ: ‘24 ಪೌಂಡಿನ ಗುಂಡು ಹಾರಿಸುವ ತೋಪಿಗೆ 8 ಪೌಂಡ್ ಮದ್ದು ತುಂಬಿ, ಮೂತಿಯನ್ನು 2 ಡಿಗ್ರಿ ಎತ್ತಿ ಹಾರಿಸಿದರು.’ ‘ಎತ್ತರ’ ಅಂದಿದ್ದರೆ ತೋಪನ್ನೇ ಗುಡ್ಡ ಹತ್ತಿಸಿದ ಹಾಗಾಗುತ್ತಿತ್ತು. ಆ ಕಾಲು ಇಂಚಿಗೆ ‘ಸಂದು’ ಅಂತಲೇ ಬರೆಯಲಾ?
– ಅನುವಾದಕಿ, ಧಾರವಾಡ

*

ಸಂದು ಅಂದರೆ ನಮ್ಮ ಕಡೆ ಎರಡು ಮನೆ ನಡುವಿನ ಓಣಿ. ‘ಸಡಿಲ’ ಅನ್ನಿ.
– ಮೈಸೂರಿನಿಂದ