ಚಿತ್ರದ ಕೆಳಗಿನ ಹೆಸರಿನ ಪಟ್ಟಿಯನ್ನು ಕತ್ತರಿಸಬಹುದೇ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮ್ಮ ಗ್ರಂಥಾಲಯದ ಸ್ಮರಣ ಸಂಚಿಕೆಗೆ ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಒಂದು ಚಿತ್ರ ಬೇಕಾಗಿದೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಳ್ಳೆಯ ಚಿತ್ರ ಸಿಕ್ಕಿದೆ, ಪುಟದಲ್ಲಿ CC BY-SA 4.0 ಎಂದು ಬರೆದಿದೆ. ಆದರೆ ಚಿತ್ರದ ಅಡಿಯಲ್ಲಿ ಕಪ್ಪು ಪಟ್ಟಿಯೊಂದಿದ್ದು, ಅದರಲ್ಲಿ ಛಾಯಾಗ್ರಾಹಕರ ಹೆಸರೂ © ಚಿಹ್ನೆಯೂ ಹಳದಿ ಅಕ್ಷರಗಳಲ್ಲಿವೆ. ಅಳತೆ 4000×3160. ಪಟ್ಟಿಯನ್ನು ಕತ್ತರಿಸಿ ಅಚ್ಚು ಹಾಕಿಸಿದರೆ ತಪ್ಪಾಗುತ್ತದೆಯೇ?

ಮೊದಲ ಉತ್ತರ

ಸರ್, CC BY-SA ಎಂಬ ಈ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ ಎಂದರೆ ಬದಲಾಯಿಸಲು ಅನುಮತಿ ಕೊಟ್ಟಿದ್ದಾರೆ ಎಂದೇ ಅರ್ಥ. ನಿಸ್ಸಂಕೋಚವಾಗಿ ಕತ್ತರಿಸಿ. ನಾನು ನಾಲ್ಕೈದು ಸಂಚಿಕೆಗಳಿಗೆ ಹೀಗೆಯೇ ಮಾಡಿದ್ದೇನೆ, ಯಾರೂ ಕೇಳಲಿಲ್ಲ.

ಪುಟವಿನ್ಯಾಸ ಮಾಡುವವರೊಬ್ಬರು

ಮೇಲಿನವರ ಮಾತಿನಲ್ಲಿ ಅರ್ಧ ಸರಿಯಿದೆ. ಬದಲಾಯಿಸುವ ಅನುಮತಿ ಇದೆ ನಿಜ, ಆದರೆ ಆ ಅನುಮತಿಗೆ ಷರತ್ತುಗಳಿವೆ. ಚಿತ್ರದೊಂದಿಗೆ ಹಕ್ಕುದಾರರು ಕೊಟ್ಟ ಹೆಸರು, ಹಕ್ಕುಸ್ವಾಮ್ಯದ ಸೂಚನೆ, ಪರವಾನಗಿಯ ಉಲ್ಲೇಖ ಇವುಗಳನ್ನು ಉಳಿಸಿಕೊಳ್ಳಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ತಿಳಿಸಬೇಕು. 4.0 ಆವೃತ್ತಿಯು ಇದನ್ನು ಮಾಧ್ಯಮಕ್ಕೆ ತಕ್ಕ ಯಾವುದೇ ಸಮಂಜಸ ರೀತಿಯಲ್ಲಿ ಪೂರೈಸಬಹುದು ಎನ್ನುವುದರಿಂದ, ಪಟ್ಟಿಯಲ್ಲಿದ್ದ ಮಾಹಿತಿಯನ್ನು ಚಿತ್ರದ ಅಡಿಬರಹಕ್ಕೆ ಸಾಗಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಹಳೆಯ 2.0ರಂಥ ಆವೃತ್ತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆಗಳನ್ನೆಲ್ಲ ಹಾಗೆಯೇ ಉಳಿಸಬೇಕೆಂಬ ಮಾತಿದೆ, ಅಲ್ಲಿ ನಾನು ಕತ್ತರಿ ಹಿಡಿಯುವುದಿಲ್ಲ.

ನಾನು ಹಾಕುವ ಅಡಿಬರಹ ಹೀಗಿರುತ್ತದೆ: "ಕಾಶಿವಿಶ್ವೇಶ್ವರ ದೇವಾಲಯ, ಲಕ್ಕುಂಡಿ. © (ಛಾಯಾಗ್ರಾಹಕರ ಹೆಸರು), CC BY-SA 4.0, creativecommons.org/licenses/by-sa/4.0. ಕೆಳಗಿನ ಹೆಸರಿನ ಪಟ್ಟಿಯನ್ನು ಕತ್ತರಿಸಲಾಗಿದೆ." ಹೆಸರನ್ನು ಸಂಚಿಕೆಯ ಕೊನೆಯ ಪುಟದ "ಕೃಪೆ" ಪಟ್ಟಿಗೆ ತಳ್ಳುವವರಿದ್ದಾರೆ. ಚಿತ್ರದ ಕೆಳಗಿನಿಂದ ಹೆಸರು ತೆಗೆದವರು ಚಿತ್ರದ ಕೆಳಗೇ ಅದನ್ನು ಮತ್ತೆ ಕೊಡುವುದು ಮರ್ಯಾದೆ.

ಇನ್ನು ಕತ್ತರಿಸುವ ಕೆಲಸ. ಅಗಲ 4000 ಇದ್ದು ಚಿತ್ರ ನಾಲ್ಕಕ್ಕೆ ಮೂರರ ಪ್ರಮಾಣದ್ದಾದರೆ ಎತ್ತರ 3000 ಇರಬೇಕಿತ್ತು, ನಿಮ್ಮದು 3160 ಇದೆ. ಅಂದರೆ ಪಟ್ಟಿಯನ್ನು ಚಿತ್ರದ ಮೇಲೆ ಬಳಿದಿಲ್ಲ, ಕೆಳಗೆ 160 ಸಾಲುಗಳಷ್ಟು ಜಾಗ ಹೆಚ್ಚಿಸಿ ಅಂಟಿಸಿದ್ದಾರೆ. ಒಟ್ಟು ಎತ್ತರವೇ 3000 ಇದ್ದಿದ್ದರೆ ಪಟ್ಟಿಯ ಜೊತೆಗೆ ದೇವಾಲಯದ ಅಧಿಷ್ಠಾನದ ಕೆಳಸಾಲುಗಳೂ ಹೋಗುತ್ತಿದ್ದವು.

ಆದರೂ ಸರಿಯಾಗಿ 3000ಕ್ಕೆ ಕತ್ತರಿಸಬೇಡಿ. ಜೆಪೆಗ್ ಚಿತ್ರವು ಬಣ್ಣವನ್ನು ಸಾಮಾನ್ಯವಾಗಿ 16 ಸಾಲುಗಳ ಚೌಕಗಳಲ್ಲಿ ಉಳಿಸುತ್ತದೆ. 3000 ಎಂಬುದು 16ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲವಾದ್ದರಿಂದ ಗಡಿಯ ಚೌಕದಲ್ಲಿ ಅರ್ಧ ಕಲ್ಲು, ಅರ್ಧ ಕಪ್ಪು ಪಟ್ಟಿ ಸೇರಿಕೊಂಡಿರುತ್ತವೆ. ಕತ್ತರಿಸಿದ ಮೇಲೂ ಕೊನೆಯ ಕೆಲವು ಸಾಲುಗಳಲ್ಲಿ ಮಬ್ಬು ನೆರಳು ಉಳಿಯುವುದು ಹೀಗೆ. ಪರದೆಯ ಮೇಲೆ ನಾಲ್ಕು ಪಟ್ಟು ಹಿಗ್ಗಿಸಿ ನೋಡಿದರೆ ಕಾಣುತ್ತದೆ, ಅಚ್ಚಿನಲ್ಲಿ ಕೊಳೆಯಾದ ಅಂಚಿನಂತೆ ಬೀಳುತ್ತದೆ. ಎಂಟು ಸಾಲು ಬಿಟ್ಟುಕೊಟ್ಟು 2992ಕ್ಕೆ ನಿಲ್ಲಿಸಿದರೆ ಚೌಕದ ಗಡಿಯಲ್ಲೇ ತುಂಡಾಗುತ್ತದೆ. ಜೆಪೆಗ್ ಕತ್ತರಿಸುವ jpegtran ಎಂಬ ತಂತ್ರಾಂಶಕ್ಕೆ ಈ ಆಜ್ಞೆ ಕೊಡಿ:

```
jpegtran -copy all -crop 4000x2992+0+0 -outfile hosa.jpg hale.jpg
```

ಮೇಲಿನ ಎಡಮೂಲೆ ಅಲುಗದೆ ಕೆಳಗಷ್ಟೇ ಕತ್ತರಿಸುವುದರಿಂದ ಚಿತ್ರವನ್ನು ಮತ್ತೊಮ್ಮೆ ಸಂಕುಚಿಸಬೇಕಾಗಿಲ್ಲ, ಗುಣಮಟ್ಟ ಎಳ್ಳಷ್ಟೂ ಇಳಿಯುವುದಿಲ್ಲ. `-copy all` ಬಿಡಬೇಡಿ, ಕಡತದೊಳಗೆ ಛಾಯಾಗ್ರಾಹಕರ ಹೆಸರಿದ್ದರೆ ಅದನ್ನು ಉಳಿಸುವುದು ಅದೇ.

ಮದುವೆ ಚಿತ್ರದವರು

ನನ್ನದೂ ಇದೇ ಸಮಸ್ಯೆ. ಮಗಳ ಮದುವೆಯ ಎಲ್ಲ ಚಿತ್ರಗಳ ಕೆಳಗೂ ಸ್ಟುಡಿಯೋದವರು ತಮ್ಮ ಹೆಸರು, ಫೋನ್ ನಂಬರು ಹಾಕಿ ಕೊಟ್ಟಿದ್ದಾರೆ. ದುಡ್ಡು ಕೊಟ್ಟವರು ನಾವು. ಕತ್ತರಿಸಲು ಅವರನ್ನು ಕೇಳಬೇಕೇ?

ವಕೀಲಿ ವೃತ್ತಿಯಲ್ಲಿರುವವರು

ಮದುವೆಯ ವಿಷಯ ಬೇರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನ ತೆಗೆಸಿದವರದು, ಬೇರೆ ಒಪ್ಪಂದವಿಲ್ಲದಿದ್ದರೆ. ಮುಂಗಡ ಕೊಟ್ಟಾಗ ಸಹಿ ಹಾಕಿದ ಚೀಟಿಯ ಹಿಂಬದಿಯನ್ನು ಒಮ್ಮೆ ಓದಿ ನೋಡಿ.

ಮೂಲ ಪ್ರಶ್ನೆಯಲ್ಲಿ ಯಾರೂ ಮುಟ್ಟದ ಒಂದು ಅಂಶವಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಕಲಮು, ಕೃತಿಯ ಕರ್ತೃವಿನ ಹೆಸರು, ಹಕ್ಕುದಾರರ ವಿವರ, ಬಳಕೆಯ ಷರತ್ತು ಇಂಥ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದೂ ತೆಗೆಯುವುದನ್ನು ಎರಡು ವರ್ಷದವರೆಗಿನ ಸೆರೆ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧವೆನ್ನುತ್ತದೆ. ಚಿತ್ರದ ಕೆಳಗಿನ ಹೆಸರು ಮತ್ತು © ಗುರುತು ಇದರೊಳಗೆ ಬರುತ್ತವೆಂದೇ ನಾನು ಓದುತ್ತೇನೆ. ಪರವಾನಗಿಯೇ "ಅಧಿಕಾರ" ಆಗುತ್ತದೆ ಎಂದು ವಾದಿಸಬಹುದು, ವಿನ್ಯಾಸಕರ ಮಾತಿನ ಹಿಂದೆ ಇರುವುದು ಆ ವಾದವೇ. ಆದರೆ ಪರವಾನಗಿ ಕೊಟ್ಟವರು ಯಾರು ಎಂಬುದರ ಮೇಲೆ ಅದು ನಿಂತಿದೆ.

ಪಟ್ಟಿಯಲ್ಲಿರುವ ಹೆಸರೂ ಕಾಮನ್ಸ್‌ಗೆ ಚಿತ್ರ ಏರಿಸಿದವರ ಹೆಸರೂ ಒಂದೇ ಆಗಿವೆಯೇ? ಬೇರೆಯವರ ಚಿತ್ರವನ್ನು ಎಲ್ಲಿಂದಲೋ ಎತ್ತಿ "ಸ್ವಂತ ಕೃತಿ" ಎಂದು ಏರಿಸುವವರಿದ್ದಾರೆ. ಹಾಗಾಗಿದ್ದರೆ ಆ ಪರವಾನಗಿಗೆ ಬೆಲೆಯೇ ಇಲ್ಲ, ಮತ್ತು ನೀವು ಕತ್ತರಿಸಹೊರಟ ಪಟ್ಟಿಯೇ ನಿಜವಾದ ಒಡೆಯರನ್ನು ತೋರಿಸುವ ಏಕೈಕ ಗುರುತಾಗಿರುತ್ತದೆ. ಅದೇ ವ್ಯಕ್ತಿ ಏರಿಸಿದ ಇತರ ಚಿತ್ರಗಳನ್ನು ನೋಡಿ. ಹತ್ತು ಚಿತ್ರಗಳಿಗೆ ಹತ್ತು ಕ್ಯಾಮೆರಾ, ಎಲ್ಲವೂ ಸಣ್ಣ ಅಳತೆ, ಒಂದೊಂದರ ಕೆಳಗೆ ಒಂದೊಂದು ಹೆಸರು ಎಂದಾದರೆ ಅನುಮಾನಿಸಬೇಕು.

ಮೊದಲ ಉತ್ತರ ಕೊಟ್ಟವರು

ನನ್ನ ಫೋನೂ ಪ್ರತಿ ಚಿತ್ರದ ಕೆಳಗೆ ತನ್ನ ಮಾಡೆಲ್ ಹೆಸರು ಹಾಕುತ್ತದೆ. ಅದನ್ನು ತೆಗೆದರೂ ಎರಡು ವರ್ಷವೇ?

ವಕೀಲಿ ವೃತ್ತಿಯಲ್ಲಿರುವವರು

ಇಲ್ಲ ಸ್ವಾಮಿ. ಫೋನಿನ ಹೆಸರು ಕರ್ತೃವಿನ ಹೆಸರಲ್ಲ, ಚಿತ್ರವೂ ನಿಮ್ಮದೇ. ಅದೇ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿಕೊಂಡವರ ಚಿತ್ರ ನಿಮ್ಮ ಕೈಗೆ ಬಂದರೆ ಮಾತು ಬೇರೆ.

ಹಳೆಯ ಚಿತ್ರಗಳ ಸಂಗ್ರಾಹಕರು

ನಾನೊಂದು ತಕರಾರು ಎತ್ತುತ್ತೇನೆ. ನಮ್ಮೂರ ತೇರಿನ 1930ರ ದಶಕದ ಚಿತ್ರವೊಂದಕ್ಕೆ ಯಾವುದೋ ಪುಟದವರು ತಮ್ಮ ಹೆಸರಿನ ಪಟ್ಟಿ ಅಂಟಿಸಿ ಹಂಚುತ್ತಿದ್ದಾರೆ. ಅದರ ಮೂಲಪ್ರತಿಯ ಮುದ್ರಣ ನನ್ನ ಅಜ್ಜನ ಟ್ರಂಕಿನಲ್ಲೇ ಇತ್ತು. ಸ್ಕ್ಯಾನ್ ಮಾಡಿದವರಿಗೆ ಪಟ್ಟಿ ಹಾಕುವ ಹಕ್ಕು ಎಲ್ಲಿಂದ ಬಂತು? ಅಂಥ ಪಟ್ಟಿಯನ್ನು ನಾನು ಕತ್ತರಿಸುತ್ತೇನೆ, ಇನ್ನೂ ಕತ್ತರಿಸುತ್ತೇನೆ.

ಪುಟವಿನ್ಯಾಸ ಮಾಡುವವರೊಬ್ಬರು

ಟ್ರಂಕಿನಲ್ಲಿ ಮುದ್ರಣವಿದ್ದರೆ ಅದನ್ನೇ ಸ್ಕ್ಯಾನ್ ಮಾಡಿ, ಕತ್ತರಿಸುವ ಮಾತೇ ಬರುವುದಿಲ್ಲ.

ಹಳೆಯ ಚಿತ್ರಗಳ ಸಂಗ್ರಾಹಕರು

ಗೆದ್ದಲು ತಿಂದಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಏರಿಸಿದವರ ಹೆಸರೂ ಪಟ್ಟಿಯ ಹೆಸರೂ ಒಂದೇ ಆಗಿತ್ತು, ಉಳಿದ ಚಿತ್ರಗಳೂ ಒಂದೇ ಕ್ಯಾಮೆರಾದವು. ಆದರೂ ಅವರ ಬಳಕೆದಾರ ಪುಟದ ಮೂಲಕ ಎರಡು ಸಾಲು ಬರೆದೆ. ಮೂರನೆಯ ದಿನ ಪಟ್ಟಿಯಿಲ್ಲದ ಮೂಲಚಿತ್ರವನ್ನೇ ಕಳುಹಿಸಿ, ಅಡಿಬರಹದಲ್ಲಿ ಹೆಸರಿನ ಕಾಗುಣಿತ ತಪ್ಪದಿರಲಿ, ಎರಡು ಪ್ರತಿ ಅಂಚೆಯಲ್ಲಿ ಬರಲಿ ಎಂದಷ್ಟೇ ಕೇಳಿದ್ದಾರೆ. ಮೂಲಚಿತ್ರದ ಎತ್ತರ 3000 ಇದೆ. ಎಂಟು ಸಾಲುಗಳೂ ಉಳಿದವು.