ಎನ್‌ಜಿಒ ರಿಯಾಯಿತಿ ಮಂಜೂರಾಯ್ತು ಅಂತ ಮೇಲ್ ಬಂತು, ಬಿಲ್ ಮಾತ್ರ ಇಳಿದಿಲ್ಲ

ಟ್ರಸ್ಟ್‌ಗುಮಾಸ್ತ:
ತಲೆ ಕೆಟ್ಟು ಹೋಗಿದೆ. ನಮ್ಮದು ನೋಂದಾಯಿತ ಸಂಸ್ಥೆ. ಕೆಲಸ ಹಂಚಿಕೊಳ್ಳೋಕೆ ಒಂದು ಸಾಫ್ಟ್‌ವೇರ್ ಬಳಸ್ತೀವಿ. ಎನ್‌ಜಿಒಗಳಿಗೆ ಶೇ. 50 ರಿಯಾಯಿತಿ ಅಂತ ಅವರೇ ಹಾಕಿದ್ರು. ನೋಂದಣಿ ಪತ್ರ ಕಳಿಸಿದೆ, ಮಂಜೂರಾಗಿದೆ ಅಂತ ಮೇಲೂ ಬಂತು. ಬಿಲ್ಲಿಂಗ್ ಪುಟ ತೆರೆದರೆ ಒಂದು ಕಾಸೂ ಕಡಿಮೆ ಆಗಿಲ್ಲ. ಸಪೋರ್ಟ್‌ನವರನ್ನು ಕೇಳಿದರೆ "ಅನ್ವಯವಾಗಿದೆ" ಅಂತ ಒಂದೇ ಸಾಲು. ಏನ್ ಮಾಡ್ಲಿ?

ದಾಖಲೆಪ್ರಿಯ:
ಹೆಸರು ಹೊಂದಿಲ್ಲ, ಅಷ್ಟೇ. ನೋಂದಣಿ ಪತ್ರದಲ್ಲಿರೋ ಪೂರ್ತಿ ಹೆಸರೇ ಬಿಲ್ಲಿನಲ್ಲೂ ಇರಬೇಕು. ತುಂಬಾ ಕಂಪನಿಗಳು ಈ ಪರಿಶೀಲನೆಯನ್ನು ತಾವೇ ಮಾಡಲ್ಲ, ಟೆಕ್‌ಸೂಪ್, ಗುಡ್‌ಸ್ಟ್ಯಾಕ್ ಥರದವರಿಗೆ ಬಿಟ್ಟಿರ್ತಾರೆ. ಸಂಸ್ಥೆಯ ಡೊಮೇನಿನ ಇಮೇಲ್ ಬಿಟ್ಟು ಸ್ವಂತ ಇಮೇಲಿಂದ ಅರ್ಜಿ ಹಾಕಿದ್ರೂ ಸಿಕ್ಕಿಹಾಕಿಕೊಳ್ಳುತ್ತೆ.

ಟ್ರಸ್ಟ್‌ಗುಮಾಸ್ತ:
ಮಂಜೂರಾಗಿದೆ ಅಂತ ಬರೆದಿದ್ದೀನಲ್ಲ ಸ್ವಾಮಿ.

ದಾಖಲೆಪ್ರಿಯ:
ಮಂಜೂರಾದ ಮೇಲೂ ತಡೆಹಿಡೀತಾರೆ. ಹೆಸರು ನೋಡಿ.

ಲೆಕ್ಕದಮ್ಮ:
ದಾಖಲೆ ವಿಷಯ ಪಕ್ಕಕ್ಕಿಡಿ. ತಿಂಗಳ ಬಿಲ್ಲಾ, ವರ್ಷದ ಬಿಲ್ಲಾ? ಬೇರೆ ಯಾವುದಾದರೂ ರಿಯಾಯಿತಿ ಮೊದಲೇ ಇತ್ತಾ?

ಟ್ರಸ್ಟ್‌ಗುಮಾಸ್ತ:
ವರ್ಷದ್ದೇ, ಅದರಲ್ಲೇನು ಕೇಳೋದು. ಕಟ್ಟಿ ನಾಲ್ಕು ತಿಂಗಳಾಯ್ತು. ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದಕ್ಕೆ ಶೇ. 20, ನಮ್ಮ ದೇಶದ ದರ ಅಂತ ಶೇ. 40 ಮೊದಲಿಂದಲೂ ಇದೆ. ಈಗ ಇದು 50.

ಲೆಕ್ಕದಮ್ಮ:
ಇದನ್ನ ಮೊದಲೇ ಹೇಳಬಾರದಾ! ಮೂರನ್ನೂ ಕೂಡಿದರೆ 110 ಆಗುತ್ತೆ, ಆಗ ಕಂಪನಿಯೇ ನಿಮಗೆ ದುಡ್ಡು ಕೊಡಬೇಕು. ಶೇಕಡಾ ರಿಯಾಯಿತಿಗಳು ಕೂಡಲ್ಲ, ಒಂದು ಕಳೆದು ಉಳಿದದ್ದರ ಮೇಲೆ ಇನ್ನೊಂದು ಬೀಳುತ್ತೆ. ಒಂದು ಸೀಟಿಗೆ, ಅಂದ್ರೆ ಬಳಸೋ ಒಬ್ಬರಿಗೆ, ತಿಂಗಳಿಗೆ 100 ಅಂದುಕೊಳ್ಳಿ. ವರ್ಷಕ್ಕೆ 1200, ವಾರ್ಷಿಕ ರಿಯಾಯಿತಿ ಕಳೆದರೆ 960, ದೇಶದ ದರ ಹಿಡಿದರೆ 576. ನೀವು ಕಟ್ಟಿರೋದು ಇದೇ ಲೆಕ್ಕದಲ್ಲಿ. ಆ ದುಡ್ಡು ಆಗಲೇ ಹೋಗಿದೆ, ಈ 50ರ ಹೊಸ ಕೂಪನ್ ಮುಂದಿನ ಇನ್‌ವಾಯ್ಸ್‌ಗೆ ಕಾಯ್ತಾ ಕೂತಿದೆ. ಅಂದ್ರೆ ಇನ್ನು ಎಂಟು ತಿಂಗಳು. ಸಪೋರ್ಟ್‌ನವರು ಸುಳ್ಳೇನೂ ಹೇಳಿಲ್ಲ, ಅರ್ಧ ಹೇಳಿದ್ದಾರೆ. ಮುಂದಿನ ಇನ್‌ವಾಯ್ಸ್‌ನ ಮುನ್ನೋಟ ತೆರೆದು ಇಲ್ಲಿ ಹಾಕಿ.

ವಿಪಿಎನ್‌ವೀರ:
ಇನ್ನೂ ಕಡಿಮೆ ದರದ ದೇಶದಿಂದ ಲಾಗಿನ್ ಆಗಿ, ಮುಗೀತು.

ಲೆಕ್ಕದಮ್ಮ:
ಎಷ್ಟೋ ಕಡೆ ಕಾರ್ಡ್ ಯಾವ ದೇಶದ್ದು ಅಂತ ಅದರ ಮೊದಲ ಅಂಕಿಗಳಿಂದಲೇ ನೋಡ್ತಾರೆ. ನೋಂದಣಿ ಪತ್ರ ಒಂದು ದೇಶದ್ದು, ದರ ಇನ್ನೊಂದರದ್ದು ಅಂತ ಕಂಡರೆ ಸಿಕ್ಕಿರೋ ಮಂಜೂರಾತಿಯೂ ಹೋಗುತ್ತೆ.

ವಿಪಿಎನ್‌ವೀರ:
ನಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ಟ್ರಸ್ಟ್‌ಗುಮಾಸ್ತ:
ಒಂದು ಸೀಟಿಗೆ, ನಿಮ್ಮ 100ರ ಲೆಕ್ಕಕ್ಕೆ ಇಳಿಸಿ ಹಾಕಿದ್ದೀನಿ. ಮೊದಲು ಹಳೇದು, ಆಮೇಲೆ ಮುನ್ನೋಟ:

```
Team (annual)    960
REGION40        -384
Total            576

Team (annual)    960
NONPROFIT50     -480
Total            480
```

ಲೆಕ್ಕದಮ್ಮ:
ಸಿಕ್ತು. ಎರಡರಲ್ಲೂ ಮೊದಲ ಸಾಲು 960. ದೇಶದ ದರ ನಿಮಗೆ ಬೇರೆ ಬೆಲೆಯಾಗಿ ಬಂದಿಲ್ಲ, ಕೂಪನ್ ಆಗಿ ಬಂದಿದೆ. ಇವರ ವ್ಯವಸ್ಥೆಯಲ್ಲಿ ಒಂದೇ ಕೂಪನ್‌ಗೆ ಜಾಗ ಇರೋ ಹಾಗಿದೆ, ಹೊಸದು ಕೂತಾಗ ಹಳೇದು ಎದ್ದು ಹೋಗಿದೆ. ಎರಡೂ ನಿಂತಿದ್ದರೆ 288 ಬರ್ತಿತ್ತು. ನಿಮಗೆ ನಿಜಕ್ಕೂ ಉಳಿಯೋದು ವರ್ಷಕ್ಕೆ 96.

ಎರಡು ವಿಷಯ ಬರೆದು ಕೇಳಿ. ಎರಡೂ ಸೇರುತ್ತವಾ ಅನ್ನೋದು ಒಂದು. ಸೇರಲ್ಲ ಅಂದ್ರೆ, ಈಗಿನ ಪ್ಲಾನ್ ನಿಲ್ಲಿಸಿ ಇವತ್ತಿಂದಲೇ ಹೊಸ ವರ್ಷ ಶುರು ಮಾಡ್ತಾರಾ ಅನ್ನೋದು ಇನ್ನೊಂದು. ಉಳಿದ ಎಂಟು ತಿಂಗಳಿಗೆ 384 ಜಮಾ ಆಗಬೇಕು, ಹೊಸ ಬಿಲ್ 480, ಕೈಯಿಂದ 96 ಕೊಟ್ಟರೆ ಸಾಕು. ಈ ಎಂಟು ತಿಂಗಳೂ ತಿಂಗಳಿಗೆ 48ರ ಬದಲು 40 ಬೀಳೋದರಿಂದ, ಕಾಯೋದಕ್ಕಿಂತ ಸೀಟಿಗೆ 64 ಉಳಿಯುತ್ತೆ. ಆದರೆ ನೀವೇ ಕ್ಯಾನ್ಸಲ್ ಒತ್ತಬೇಡಿ. ಆ ಜಮಾ ಸಿಗುತ್ತೆ ಅಂತ ಮೊದಲು ಅವರಿಂದ ಬರೆಸಿಕೊಳ್ಳಿ.

ಹಾಂ, ಕೂಪನ್ ಎಷ್ಟು ಕಾಲಕ್ಕೆ ಅಂತಲೂ ಕೇಳಿ. ಅವರು ಬಿಲ್ಲಿಂಗ್‌ಗೆ ಸ್ಟ್ರೈಪ್ ಬಳಸ್ತಿದ್ರೆ ಅದು `once`, `repeating` ಅಥವಾ `forever` ಅಂತ ಇರುತ್ತೆ. `once` ಆದರೆ ವರ್ಷದ ಒಂದು ಬಿಲ್ಲಿಗೆ ಮುಗೀತು, ರಿನ್ಯೂವಲ್ ದಿನ ಕಾರ್ಡಿಂದ ಪೂರ್ತಿ 960 ಹೋಗುತ್ತೆ.

ಸ್ವಂತಸರ್ವರ್:
ಇಷ್ಟೆಲ್ಲಾ ತಲೆನೋವು ಯಾಕೆ? ನಾನು ಓಪನ್ ಸೋರ್ಸ್ ಹಾಕಿಕೊಂಡಿದ್ದೀನಿ. ಹಳೇ ಯಂತ್ರ, ಎರಡು ಡಿಸ್ಕ್ ಮಿರರ್, ರಾತ್ರಿ ಬ್ಯಾಕಪ್. ಸೀಟೂ ಇಲ್ಲ, ಕೂಪನ್ನೂ ಇಲ್ಲ.

ಲೆಕ್ಕದಮ್ಮ:
ಆ ಬ್ಯಾಕಪ್ ಕೂತು ನೋಡೋ ನಿಮಗೆ ಸಂಬಳ ಯಾರು ಕೊಡ್ತಾರೆ?

ಸ್ವಂತಸರ್ವರ್:
ಅದು ಹವ್ಯಾಸ. ಡಿಸ್ಕ್ ವಿವರ ಬೇಕಾದ್ರೆ ಬೇರೆ ಎಳೆ ತೆಗೀತೀನಿ.

ಟ್ರಸ್ಟ್‌ಗುಮಾಸ್ತ:
ಉತ್ತರ ಬಂತು. ಎರಡೂ ಸೇರಲ್ವಂತೆ. ಹೊಸ ವರ್ಷ ಶುರು ಮಾಡೋದಕ್ಕೆ ಬಿಲ್ಲಿಂಗ್‌ನವರನ್ನು ಕೇಳಬೇಕಂತೆ. ಜೊತೆಗೆ ತೆರಿಗೆ ವಿನಾಯಿತಿ ಪತ್ರ ಬೇರೆ ಕೇಳಿದ್ದಾರೆ, ನೋಂದಣಿ ಪತ್ರ ಒಂದೇ ಸಾಲದಂತೆ. ಕೂಪನ್ ಎಷ್ಟು ಕಾಲಕ್ಕೆ ಅನ್ನೋದಕ್ಕೆ ಮಾತ್ರ ಉತ್ತರವೇ ಇಲ್ಲ.

ದಾಖಲೆಪ್ರಿಯ:
ಆ ಪತ್ರದಲ್ಲೂ ಬಿಲ್ಲಿನಲ್ಲೂ ಹೆಸರು ಒಂದೇ ಇದೆಯಾ ಅಂತ ನೀವು ಇನ್ನೂ ಹೇಳಿಲ್ಲ.