ಎಲ್ಲರೂ ಸ್ವಾರ್ಥಿಗಳೇ ಆಗಿದ್ದರೆ, ಸ್ವಾರ್ಥವೇ ಸರಿ ಎಂದಾಗುತ್ತದೆಯೇ?

ಪ್ರಶ್ನೆ

ನನ್ನ ತಮ್ಮ ಯಾವಾಗಲೂ ಒಂದೇ ವಾದ ಹೂಡ್ತಾನೆ: "ಮನುಷ್ಯ ಏನೇ ಮಾಡಿದ್ರೂ ತನಗೋಸ್ಕರವೇ ಮಾಡೋದು. ಗೆಳೆಯನಿಗೆ ಹುಷಾರಿಲ್ಲ ಅಂತ ರಾತ್ರಿಯೆಲ್ಲ ಆಸ್ಪತ್ರೇಲಿ ಕೂತ್ರೂ ಅದು ನಿನ್ನ ಸಮಾಧಾನಕ್ಕೆ. ಅಂದಮೇಲೆ ನನ್ನ ಲಾಭ ನಾನು ನೋಡ್ಕೊಳ್ಳೋದೇ ಸರಿ." ಎಲ್ಲೋ ತಪ್ಪಿದೆ ಅನ್ಸುತ್ತೆ, ಎಲ್ಲಿ ಅಂತ ಹಿಡಿಯೋಕೆ ಆಗ್ತಿಲ್ಲ. ತಿಳಿದವರು ಹೇಳಿ.

ಉತ್ತರ (ನೀತಿಶಾಸ್ತ್ರದ ಅಧ್ಯಾಪಕಿ)

"ಅಂದಮೇಲೆ" ಅನ್ನುವ ಆ ಒಂದು ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದಕ್ಕೆ ಮುಂಚಿನ ಮಾತು ಮನುಷ್ಯರು ಹೇಗಿದ್ದಾರೆ ಅನ್ನುವುದನ್ನು ಹೇಳುತ್ತದೆ. ಇದು ಮಾನಸಿಕ ಸ್ವಾರ್ಥವಾದ. ಆಮೇಲಿನ ಮಾತು ಅವರು ಹೇಗೆ ನಡೆಯಬೇಕು ಅನ್ನುವುದನ್ನು ಹೇಳುತ್ತದೆ. ಅದು ನೈತಿಕ ಸ್ವಾರ್ಥವಾದ. "ಹೀಗಿದೆ" ಎಂಬ ವಾಕ್ಯಗಳ ಸಾಲಿನಲ್ಲಿ ಕಾರಣವನ್ನೇ ಕೊಡದೆ "ಹೀಗಿರಬೇಕು" ಎಂಬುದು ನುಸುಳಿಬಿಡುತ್ತದೆ ಎಂದು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಎಚ್ಚರಿಸಿದ್ದ.

ಆದರೆ ಹ್ಯೂಮನ ಹೆಸರು ಹೇಳಿದ ಮಾತ್ರಕ್ಕೆ ನಿಮ್ಮ ತಮ್ಮ ಸುಮ್ಮನಾಗಬೇಕಿಲ್ಲ. ಎರಡು ಮಾತುಗಳ ನಡುವೆ ಒಂದು ಸೇತುವೆ ಹಾಕಲು ಅವನು ನೋಡಬಹುದು: "ಕೈಲಾಗದ್ದನ್ನು ಮಾಡಬೇಕು ಅಂತ ಯಾರಿಗೂ ಹೇಳೋಕಾಗಲ್ಲ. ಬೇರೆಯವರಿಗೋಸ್ಕರ ನಡೆಯೋದು ಯಾರ ಕೈಲೂ ಆಗಲ್ಲ. ಹಾಗಾಗಿ ಉಳಿದದ್ದು ಸ್ವಂತ ಲಾಭ ಒಂದೇ." ಈ ವಾದದ ಅತ್ಯಂತ ಬಲವಾದ ರೂಪ ಇದು. ಅದಕ್ಕೇ ಇದನ್ನು ಬಿಡಿಸಿ ನೋಡೋಣ.

ಆಸ್ಪತ್ರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗೆಳೆಯನಿಗೆ ಬೇಕಾಗಿರುವುದು ರಾತ್ರಿ ಎಚ್ಚರವಿರುವ ಒಬ್ಬರು. ಡ್ರಿಪ್ ಮುಗಿಯುತ್ತಾ ಬಂದಾಗ ನರ್ಸನ್ನು ಕರೆಯಬೇಕು, ಬಾಯಾರಿದರೆ ನೀರು ಕೊಡಬೇಕು. ಒಬ್ಬ ಪ್ರೀತಿಯಿಂದ ಕೂರಬಹುದು. ಇನ್ನೊಬ್ಬ ನಾಲ್ಕು ಜನ ಏನಂದುಕೊಂಡಾರು ಎಂಬ ಅಂಜಿಕೆಯಿಂದ, ಮತ್ತೊಬ್ಬ ನಾಳೆ ತನಗೂ ಯಾರಾದರೂ ಬೇಕಾದೀತು ಎಂಬ ಲೆಕ್ಕದಿಂದ ಕೂರಬಹುದು. ಮೂವರೂ ಅಪ್ಪಟ ಸ್ವಾರ್ಥಿಗಳೇ ಎಂದುಕೊಂಡರೂ ನರ್ಸನ್ನು ಕರೆಯುವ ಕೆಲಸ ಆಗಿಯೇ ಆಗುತ್ತದೆ. ನಿಮ್ಮ ತಮ್ಮನ ಮೊದಲ ಮಾತು ಮಾತಾಡುವುದು ಉದ್ದೇಶದ ಬಗ್ಗೆ. "ನೀನು ಇವತ್ತು ರಾತ್ರಿ ಕೂರಬೇಕು" ಎಂಬುದು ಕೇಳುವುದು ಕೆಲಸವನ್ನು. ಉದ್ದೇಶ ಯಾವುದೇ ಇರಲಿ, ಕೆಲಸ ಕೈಲಾಗದ್ದೇನಲ್ಲ. ನೋವು, ನಲಿವು ಎಂಬ ಇಬ್ಬರು ಒಡೆಯರು ನಮ್ಮನ್ನು ಆಳುತ್ತಾರೆ ಎಂದು 1789ರಲ್ಲಿ ಬರೆದ ಜೆರೆಮಿ ಬೆಂಥಮ್ ಕೂಡ ಸರಿ-ತಪ್ಪಿನ ಅಳತೆಗೋಲಾಗಿ ಇಟ್ಟದ್ದು ಸಂಬಂಧಪಟ್ಟ ಎಲ್ಲರ ಸುಖವನ್ನು. ಒಬ್ಬೊಬ್ಬರ ಲಾಭ ಎಲ್ಲರ ಸುಖದ ಕಡೆಗೆ ತಿರುಗುವಂತೆ ಮಾಡುವುದು ಕಾನೂನಿನ ಕೆಲಸ ಎಂದು ಅವನು ನಂಬಿದ್ದ.

ಸೇತುವೆಯಲ್ಲಿ ಇನ್ನೊಂದು ಬಿರುಕೂ ಇದೆ. "ಕೈಲಾಗದ್ದು ಕರ್ತವ್ಯವಲ್ಲ" ಎಂಬ ಸೂತ್ರ ಪಟ್ಟಿಯಿಂದ ಕೆಲವನ್ನು ಹೊಡೆದುಹಾಕಬಲ್ಲದು, ಪಟ್ಟಿಗೆ ಹೊಸದಾಗಿ ಏನನ್ನೂ ಸೇರಿಸಲಾರದು. ಪರಹಿತವನ್ನು ಹೊಡೆದುಹಾಕಿದ ಮೇಲೆ ಉಳಿದದ್ದು ತಾನಾಗಿಯೇ ಕರ್ತವ್ಯವಾಗುವುದಿಲ್ಲ. ಕರ್ತವ್ಯ ಎನ್ನುವುದೇ ಇಲ್ಲ ಎಂದೂ ಆಗಬಹುದಲ್ಲ! ಅದೂ ಅಲ್ಲದೆ, ಎಲ್ಲರೂ ಹೇಗಿದ್ದರೂ ಸ್ವಂತ ಲಾಭಕ್ಕೇ ನಡೆಯುವವರಾದರೆ "ಸ್ವಂತ ಲಾಭ ನೋಡಿಕೊಳ್ಳಬೇಕು" ಎಂಬ ವಿಧಿಯನ್ನು ಮುರಿಯುವವರು ಯಾರು? ಬೀಳುತ್ತಿರುವ ಕಲ್ಲಿಗೆ "ಬೀಳು" ಎಂದು ಅಪ್ಪಣೆ ಕೊಟ್ಟ ಹಾಗಾಯಿತು.

ಪ್ರಶ್ನೆ ಕೇಳಿದವರು

ಮೇಡಂ, ಇದನ್ನೇ ಅವನಿಗೆ ಹೇಳಿದೆ. ಅದಕ್ಕೆ ಅವನು, "ಮುರಿಯೋಕೆ ಆಗುತ್ತೆ. ತನಗೆ ಯಾವುದು ಒಳ್ಳೇದು ಅಂತ ಜನ ತಪ್ಪು ತಿಳ್ಕೊಳ್ತಾರೆ. ಕುಡಿದು ಲಿವರ್ ಹಾಳು ಮಾಡ್ಕೊಳ್ಳೋನಿಗೆ 'ನಿನ್ನ ಒಳ್ಳೇದು ನೋಡ್ಕೋ' ಅನ್ನೋ ಮಾತು ಕಲ್ಲಿಗೆ ಹೇಳಿದ ಹಾಗಲ್ಲ" ಅಂದ. ನನಗೆ ಉತ್ತರ ಹೊಳೀಲಿಲ್ಲ.

ಅಧ್ಯಾಪಕಿ

ನಿಮ್ಮ ತಮ್ಮ ಒಳ್ಳೆಯ ಜಾಗವನ್ನೇ ಹಿಡಿದಿದ್ದಾನೆ. ಕಲ್ಲಿನ ಹೋಲಿಕೆಯನ್ನು ಅಷ್ಟರಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಈ ಉತ್ತರಕ್ಕೆ ಅವನು ತೆರುವ ಬೆಲೆ ದೊಡ್ಡದು.

ಈಗ ಲಾಭ ಎರಡು ಬಗೆಯದಾಯಿತು: ಕುಡಿಯುವವನು ತನಗೆ ಒಳ್ಳೆಯದು ಎಂದು ತಿಳಿದುಕೊಂಡದ್ದು ಒಂದು, ನಿಜವಾಗಿ ಅವನಿಗೆ ಒಳ್ಳೆಯದಾದದ್ದು ಇನ್ನೊಂದು. ಮನುಷ್ಯರು ಯಾವಾಗಲೂ ಬೆನ್ನು ಹತ್ತುತ್ತಾರೆ ಎನ್ನಬಹುದಾದದ್ದು ಮೊದಲನೆಯದನ್ನು ಮಾತ್ರ. ನೋಡಿಕೊಳ್ಳಬೇಕು ಎಂದು ಅವನು ಹೇಳುತ್ತಿರುವುದು ಎರಡನೆಯದನ್ನು. ಈಗ ಅದೇ ಸೇತುವೆಯ ಮೇಲೆ ಕುಡುಕನನ್ನು ನಡೆಸಿ. ಈ ರಾತ್ರಿ ಕುಡಿಯುವುದೇ ತನಗೆ ಒಳ್ಳೆಯದು ಎಂದು ಅವನು ನಂಬಿದ್ದಾನೆ. ನಂಬಿದ ಲಾಭವನ್ನು ಬಿಟ್ಟು ಬೇರೆಯದರ ಕಡೆಗೆ ಯಾರೂ ನಡೆಯಲಾರರು. ಕೈಲಾಗದ್ದು ಕರ್ತವ್ಯವಲ್ಲ. ಆದ್ದರಿಂದ ಕುಡಿಯದಿರುವುದು ಅವನ ಕರ್ತವ್ಯವಲ್ಲ! ಪರಹಿತವನ್ನು ಹೊರಗಟ್ಟಲು ತಂದ ಸೂತ್ರ ನಿಮ್ಮ ತಮ್ಮನ ನೀತಿಯನ್ನೂ ಹೊರಗಟ್ಟಿತು.

"ಇಲ್ಲ, ಬುದ್ಧಿ ಹೇಳಿದರೆ ತಿದ್ದಿಕೊಳ್ಳಬಲ್ಲ" ಎಂದು ಅವನು ಸಡಿಲ ಬಿಟ್ಟರೆ ಬೇರೆಯವರಿಗೂ ಅದೇ ಸಡಿಲ ಸಿಗಬೇಕು. ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲದವನಿಗೂ ಬುದ್ಧಿ ಹೇಳಬಹುದು, ಹೋಗುವುದರಲ್ಲಿ ತನಗೂ ಒಳ್ಳೆಯದಿದೆ ಎಂದು ಅವನಿಗೂ ಕಾಣಿಸಬಹುದು. ಎಷ್ಟು ತಿಳಿದುಕೊಂಡರೂ ನನಗೆ ಬರೀ ನಷ್ಟವೇ ಆಗುವಂಥ ಸಂದರ್ಭಗಳು ಇದ್ದೇ ಇರುತ್ತವೆ, ನಿಜ. ಅಲ್ಲಿ "ಇದು ನನ್ನ ಕರ್ತವ್ಯವಲ್ಲ" ಎನ್ನಲು ಅವನಿಗೊಂದಿಷ್ಟು ಜಾಗ ಉಳಿಯುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಆ ಜಾಗದಲ್ಲಿ ನಿಂತರೂ "ನನ್ನ ಲಾಭವೇ ಸರಿ" ಎಂಬುದು ಬರುವುದಿಲ್ಲ.

ಮನಶ್ಶಾಸ್ತ್ರದ ವಿದ್ಯಾರ್ಥಿ

ಇಷ್ಟೆಲ್ಲ ಯಾಕೆ ಮೇಡಂ? ಮೊದಲ ಮಾತೇ ಸುಳ್ಳು ಅಂತ ಪ್ರಯೋಗದಲ್ಲೇ ತೋರಿಸಿದ್ದಾರಲ್ಲ. 1981ರಲ್ಲಿ ಡೇನಿಯಲ್ ಬ್ಯಾಟ್ಸನ್ ತಂಡ 44 ವಿದ್ಯಾರ್ಥಿನಿಯರ ಮೇಲೆ ಮಾಡಿದ್ದು. ಎಲೇನ್ ಅನ್ನೋ ಹುಡುಗಿಗೆ 10 ಸುತ್ತು ಕರೆಂಟ್ ಶಾಕ್ ಕೊಡ್ತಾರೆ, ಇವರು ನೋಡ್ಬೇಕು. (ಅವಳು ನಟಿಸ್ತಿದ್ದಳು, ಶಾಕ್ ನಿಜ ಅಲ್ಲ.) ಅರ್ಧ ಜನರಿಗೆ ಎರಡೇ ಸುತ್ತು ನೋಡಿ ಎದ್ದು ಹೋಗ್ಬಹುದು ಅಂದಿದ್ರು. ಆಮೇಲೆ, ಅವಳ ಜಾಗದಲ್ಲಿ ನೀವು ಕೂರ್ತೀರಾ ಅಂತ ಕೇಳಿದ್ರು. ಎದ್ದು ಹೋಗೋ ಅವಕಾಶ ಇದ್ದವರಲ್ಲಿ, ಎಲೇನ್ ತಮ್ಮ ಹಾಗೇ ಇದ್ದಾಳೆ ಅಂತ ತಿಳಿದಿದ್ದವರಲ್ಲಿ 91% ಒಪ್ಪಿದ್ರು. ತಮ್ಮ ಥರ ಅಲ್ಲ ಅಂತ ತಿಳಿದಿದ್ದವರಲ್ಲಿ ಬರೀ 18%. ತಮ್ಮ ಹಾಗೇ ಇರೋರ ಮೇಲೆ ಅನುಕಂಪ ಜಾಸ್ತಿ ಹುಟ್ಟುತ್ತೆ ಅನ್ನೋದು ಇಲ್ಲಿನ ಲೆಕ್ಕ. ನೋಡೋ ಸಂಕಟ ತಪ್ಪಿಸ್ಕೊಳ್ಳೋದಷ್ಟೇ ಉದ್ದೇಶ ಆಗಿದ್ರೆ ಎಲ್ಲರೂ ಎದ್ದು ಹೋಗ್ಬೇಕಿತ್ತು. ಅಲ್ಲಿಗೆ ನೈತಿಕ ಸ್ವಾರ್ಥವಾದವೂ ಮುಗೀತು.

ಅಧ್ಯಾಪಕಿ

ಪ್ರಯೋಗವನ್ನು ಸರಿಯಾಗಿಯೇ ಹೇಳಿದ್ದೀರಿ. ನಿಮ್ಮ ಕೊನೆಯ ವಾಕ್ಯವನ್ನು ಮಾತ್ರ ಒಪ್ಪಲಾರೆ, ಯಾಕೆಂದರೆ ಅದೂ ಅದೇ ಕಂದಕವನ್ನು ಹಾರುತ್ತಿದೆ, ಆಚೆ ದಡದಿಂದ. ಮನುಷ್ಯರು ಪರಹಿತಕ್ಕಾಗಿ ನಡೆಯಬಲ್ಲರು ಎಂದು ತೋರಿಸಿದರೆ ಹಾಗೆ ನಡೆಯಬೇಕು ಎಂದು ತೋರಿಸಿದಂತಾಗುವುದಿಲ್ಲ. ನಿಜ ಹೇಳಬೇಕೆಂದರೆ, ಮೊದಲ ಮಾತು ಸುಳ್ಳಾದರೇ ನೈತಿಕ ಸ್ವಾರ್ಥವಾದಕ್ಕೆ ಮಾತಾಡಲು ವಿಷಯ ಸಿಗುವುದು. ಸ್ವಾರ್ಥವನ್ನು ಸದ್ಗುಣವೆಂದು ಸಾರಿದ ಐನ್ ರ್‍ಯಾಂಡ್ ಎಂಬ ಲೇಖಕಿಯ 1964ರ ಪುಸ್ತಕದಲ್ಲಿ "ಎಲ್ಲರೂ ಸ್ವಾರ್ಥಿಗಳೇ ಅಲ್ಲವೇ" ಎಂಬ ವಾದವನ್ನು ತಳ್ಳಿಹಾಕುವ ಒಂದು ಪ್ರಬಂಧವೇ ಇದೆ. ಜನ ತಮ್ಮನ್ನು ಬಲಿಕೊಡುತ್ತಿದ್ದಾರೆ ಎಂಬುದೇ ಆಕೆಯ ದೂರು. ಯಾರೂ ತಮ್ಮನ್ನು ಬಲಿಕೊಡಲಾರರು ಎಂದಾದರೆ ಆ ದೂರಿಗೆ ಅರ್ಥವೇ ಇರುವುದಿಲ್ಲ.

ಪ್ರಯೋಗವೂ ಕೊನೆಯ ಮಾತಲ್ಲ. ಅನುಕಂಪ ಉಕ್ಕಿದಾಗ "ನಾನು", "ಅವಳು" ಎಂಬ ಗೆರೆಯೇ ಮಸುಕಾಗುತ್ತದೆ, ಹಾಗಾಗಿ ಸಹಾಯ ತನಗೇ ಮಾಡಿಕೊಂಡ ಹಾಗೆ ಎಂದು ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1997ರಲ್ಲಿ ಆಕ್ಷೇಪಿಸಿದರು. ಆ ಜಗಳ ಇನ್ನೂ ನಡೆದೇ ಇದೆ.

ಗುಂಪಿನ ಇನ್ನೊಬ್ಬರು

ನಾಲ್ಕು ವರ್ಷದಿಂದ ಅಮ್ಮನನ್ನು ನಾನೊಬ್ಬಳೇ ನೋಡಿಕೊಳ್ತಿದ್ದೀನಿ. ಕಳೆದ ತಿಂಗಳು ಎರಡು ದಿನ ಬೇರೆಯವರನ್ನು ಇಟ್ಟು ಮಲಗಿ ನಿದ್ದೆ ಮಾಡಿದೆ. ಇಲ್ಲಿ ಎಲ್ಲರೂ ಸ್ವಾರ್ಥ ತಪ್ಪು ಅಂತಿದ್ದೀರಿ. ಹಾಗಾದ್ರೆ ನಾನು ಮಾಡಿದ್ದು ತಪ್ಪಾ?

ಅಧ್ಯಾಪಕಿ

ಖಂಡಿತ ಅಲ್ಲ ಅಮ್ಮಾ. ಇಲ್ಲಿ ಯಾರೂ ಹಾಗೆ ಹೇಳುತ್ತಿಲ್ಲ. ನಿಮ್ಮ ದಣಿವಿಗೂ ಲೆಕ್ಕ ಉಂಟು ಎನ್ನುವುದು ಸ್ವಾರ್ಥವಾದವಲ್ಲ, ಅದನ್ನು ಬಹುಪಾಲು ಎಲ್ಲ ನೀತಿಗಳೂ ಒಪ್ಪುತ್ತವೆ. ನಿಮ್ಮದು ಮಾತ್ರವೇ ಲೆಕ್ಕಕ್ಕೆ, ಅಮ್ಮನ ಕಷ್ಟ ನಿಮಗೆ ಉಪಯೋಗಕ್ಕೆ ಬಂದಷ್ಟೇ ಲೆಕ್ಕಕ್ಕೆ ಎಂದರೆ ಅದು ನೈತಿಕ ಸ್ವಾರ್ಥವಾದ. ನೀವು ಬೇರೆಯವರನ್ನು ಇಟ್ಟು ಮಲಗಿದ್ದೀರಿ ಎಂಬುದರಲ್ಲೇ ಅಮ್ಮ ಲೆಕ್ಕಕ್ಕಿದ್ದರು ಎಂಬುದು ಕಾಣುತ್ತದೆ. ಇನ್ನೂ ನಿದ್ದೆ ಬೇಕಿದ್ದರೆ ಮಾಡಿ.

ಪ್ರಶ್ನೆ ಕೇಳಿದವರು

ಒಂದು ಉಳಿದಿದೆ. "ಸಮಾಧಾನ ಸಿಗುತ್ತೆ ತಾನೇ, ಹಾಗಾದ್ರೆ ಅದಕ್ಕೇ ಮಾಡಿದ್ದು" ಅಂತಾನಲ್ಲ, ಅದಕ್ಕೆ?

ಅಧ್ಯಾಪಕಿ

ಸಮಾಧಾನ ಎಲ್ಲಿಂದ ಬಂತು ಎಂದು ಕೇಳಿ. ಗೆಳೆಯ ಚೇತರಿಸಿಕೊಳ್ಳಲಿ ಎಂಬ ಆಸೆ ಮೊದಲೇ ಇದ್ದದ್ದರಿಂದ ಅವನು ಚೇತರಿಸಿಕೊಂಡಾಗ ಸಮಾಧಾನವಾಯಿತು. ಆ ಆಸೆಯೇ ಇಲ್ಲದವನಿಗೆ ರಾತ್ರಿ ನಿದ್ದೆಗೆಟ್ಟದ್ದೊಂದೇ ಲಾಭ. ಸಮಾಧಾನವು ಆಸೆ ಈಡೇರಿದ್ದರ ಫಲ. ಫಲವನ್ನೇ ಗುರಿ ಎಂದುಕೊಂಡರೆ ಆ ಫಲ ಹುಟ್ಟಿದ್ದಾದರೂ ಹೇಗೆ ಎಂದು ಹೇಳಲಾಗುವುದಿಲ್ಲ. ಜೋಸೆಫ್ ಬಟ್ಲರ್ ಎಂಬ ಪಾದ್ರಿ 1726ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ.

ಒರೆಗೆ ಹಚ್ಚಬೇಕೆಂದರೆ ಅವನ ಮುಂದೆ ಎರಡು ಆಯ್ಕೆ ಇಡಿ. ಒಂದರಲ್ಲಿ ಗೆಳೆಯ ಬದುಕುತ್ತಾನೆ, ಆದರೆ ಸತ್ತ ಎಂದು ನೀನು ಜೀವನಪೂರ್ತಿ ನಂಬಿರುತ್ತೀಯ. ಇನ್ನೊಂದರಲ್ಲಿ ಗೆಳೆಯ ಸಾಯುತ್ತಾನೆ, ಆದರೆ ಎಲ್ಲೋ ಸುಖವಾಗಿದ್ದಾನೆ ಎಂದು ನೀನು ನಂಬಿರುತ್ತೀಯ. ಆರಿಸಿಕೊಂಡದ್ದೂ ನೆನಪಿನಲ್ಲಿ ಉಳಿಯುವುದಿಲ್ಲ. ಬೇಕಾಗಿರುವುದು ಸಮಾಧಾನವೊಂದೇ ಆಗಿದ್ದರೆ ಎರಡನೆಯದನ್ನು ಆರಿಸುವುದಕ್ಕೆ ಅವನು ಒಂದು ಕ್ಷಣವೂ ಹಿಂಜರಿಯಬಾರದು.

ನಿವೃತ್ತ ವಕೀಲರು

ಆಯ್ಕೆ ಮಾಡುವ ಆ ಗಳಿಗೆಯಲ್ಲಿ "ನಾನು ಒಳ್ಳೆಯವನು" ಅನ್ನಿಸಿಕೊಳ್ಳುವ ಸುಖಕ್ಕೇ ಮೊದಲನೆಯದನ್ನು ಆರಿಸಿದ ಎಂದು ವಾದಿಸಬಹುದಲ್ಲ ಮೇಡಂ? ಮನಸ್ಸಿನ ಆಳದಲ್ಲಿ ಏನಿದೆಯೋ ಯಾರು ಕಂಡವರು?

ಅಧ್ಯಾಪಕಿ

ವಾದಿಸಬಹುದು ಸರ್. ಅದನ್ನು ಪೂರ್ತಿ ಅಲ್ಲಗಳೆಯುವ ಪ್ರಯೋಗ ನನಗೆ ಗೊತ್ತಿಲ್ಲ. ಆದರೆ ಆ ದಾರಿ ಹಿಡಿದರೆ ಏನೇ ಮಾಡಿದರೂ, ಮಾಡದಿದ್ದರೂ ಸ್ವಾರ್ಥ ಎಂದಾಗುತ್ತದೆ. ಆಗ "ಸ್ವಾರ್ಥ" ಎಂಬ ಮಾತಿಗೆ "ಮಾಡಬೇಕೆನ್ನಿಸಿದ್ದನ್ನು ಮಾಡುವುದು" ಎಂಬುದಷ್ಟೇ ಅರ್ಥ ಉಳಿಯುತ್ತದೆ. ಈ ಅಗಲವಾದ ಅರ್ಥದಲ್ಲಿ ರಾತ್ರಿಯಿಡೀ ಕೂತವನೂ ಸ್ವಾರ್ಥಿ, ಗೆಳೆಯನ ಫೋನನ್ನೇ ಎತ್ತದವನೂ ಸ್ವಾರ್ಥಿ. ಅದು ಯಾವುದನ್ನೂ ಬೇಡವೆನ್ನುವುದಿಲ್ಲ. ಆದರೆ ಪ್ರಶ್ನೆ ಕೇಳಿದವರ ತಮ್ಮ "ನನ್ನ ಲಾಭ ನೋಡ್ಕೊಳ್ಳೋದೇ ಸರಿ" ಎನ್ನುವಾಗ ಅವನ ಮನಸ್ಸಿನಲ್ಲಿರುವುದು ಫೋನ್ ಎತ್ತದಿರುವ ಆ ಕಿರಿದಾದ ಅರ್ಥ. ಮೊದಲ ವಾಕ್ಯದಲ್ಲಿ ಅಗಲದ ಅರ್ಥವನ್ನಿಟ್ಟು ಎರಡನೆಯದರಲ್ಲಿ ಸದ್ದಿಲ್ಲದೆ ಕಿರಿದಾದದ್ದಕ್ಕೆ ಬದಲಾಯಿಸಿಬಿಡುತ್ತಾನೆ.

ಅದಕ್ಕೇ, ಪ್ರಶ್ನೆ ಕೇಳಿದವರೇ, ಮುಂದಿನ ಸಲ ವಾದಕ್ಕಿಳಿಯುವ ಮುಂಚೆ ಅವನನ್ನು ಇಷ್ಟು ಕೇಳಿ: ಆ ರಾತ್ರಿ ಗೆಳೆಯನ ಪಕ್ಕ ಕೂತವನು ಹೇಗೆ ನಡೆದುಕೊಂಡಿದ್ದರೆ ನೀನು "ಇದು ಸ್ವಾರ್ಥವಲ್ಲ" ಎನ್ನುತ್ತಿದ್ದೆ? ಅವನು ಏನಾದರೂ ಉದಾಹರಣೆ ಕೊಟ್ಟರೆ ಇಲ್ಲಿ ಬರೆಯಿರಿ, ಅಲ್ಲಿಂದ ಮುಂದುವರಿಸೋಣ.

ಪ್ರಶ್ನೆ ಕೇಳಿದವರು

ಇವತ್ತು ರಾತ್ರಿ ಫೋನ್ ಮಾಡಿ ಕೇಳ್ತೀನಿ ಮೇಡಂ. ಆ ಎರಡು ಆಯ್ಕೆಯಲ್ಲಿ ಯಾವುದು ಅಂತಾನೆ ಅನ್ನೋದನ್ನೂ ತಿಳಿಸ್ತೀನಿ.